ನೆರೆಯವರ ದೂರನ್ನು ಬಾಡಿಗೆದಾರರಿಗೆ ಮುಟ್ಟಿಸುವ ಬಗೆ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆ ತೋಟದ ಮನೆಯಲ್ಲಿದ್ದೇವೆ. ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆಯ ಮಹಡಿಯನ್ನು ಕೆಲಸಕ್ಕೆ ಹೋಗುವ ಮೂವರು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಬಾಡಿಗೆ ಸರಿಯಾಗಿ ಬರುತ್ತದೆ, ಮನೆಯನ್ನೂ ಚೊಕ್ಕವಾಗಿ ಇಟ್ಟುಕೊಂಡಿದ್ದಾರೆ. ಆದರೆ ವಾರದ ಕೊನೆಯಲ್ಲಿ ತಾರಸಿಯ ಮೇಲೆ ಸ್ನೇಹಿತರನ್ನು ಸೇರಿಸಿಕೊಂಡು ಹೊತ್ತು ಮೀರಿ ಗಲಾಟೆ ಮಾಡುತ್ತಾರೆಂದು ಅಕ್ಕಪಕ್ಕದ ಎರಡು ಮನೆಯವರು ಫೋನ್ ಮಾಡಿದ್ದಾರೆ. ನಾನು ಕಣ್ಣಾರೆ ಕಂಡಿಲ್ಲ. ಹುಡುಗರ ಮನಸ್ಸು ನೋಯಿಸದೆ, ನೆರೆಯವರ ಮಾತನ್ನೂ ತಳ್ಳಿಹಾಕದೆ ಹೇಗೆ ಹೇಳಲಿ? ಏನೆಂದು ಬರೆಯಲಿ?

ಉತ್ತರ: ಹುಡುಗರಿಗೆ ಏನನ್ನಾದರೂ ಬರೆಯುವ ಮೊದಲು, ದೂರು ಹೇಳಿದ ಎರಡೂ ಮನೆಗಳಿಗೆ ನೀವೇ ಒಮ್ಮೆ ಫೋನ್ ಮಾಡಿ. ಅವರು ನಿಮಗೆ ಫೋನ್ ಮಾಡಿದ್ದು ನಿದ್ದೆ ಕೆಟ್ಟ ಸಿಟ್ಟಿನಲ್ಲಿ; ಆ ಹೊತ್ತಿನಲ್ಲಿ ಬಂದ ಮಾತಿನಲ್ಲಿ ಕೇಳಿಸಿಕೊಂಡದ್ದು, ಊಹಿಸಿದ್ದು, ಬಹಳ ದಿನಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಎಲ್ಲವೂ ಒಂದರೊಳಗೊಂದು ಬೆರೆತಿರುತ್ತವೆ. ಎರಡು ದಿನ ಬಿಟ್ಟು, ಸಮಾಧಾನದ ಹೊತ್ತಿನಲ್ಲಿ, ನಾಲ್ಕು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ಯಾವ ಯಾವ ದಿನ, ಎಷ್ಟು ಗಂಟೆಯವರೆಗೆ, ಯಾವ ಬಗೆಯ ಸದ್ದು, ಅದು ಎಲ್ಲಿಂದ ಬಂತು. ನೀವು ಕಣ್ಣಾರೆ ಕಂಡಿಲ್ಲ ಎಂಬುದನ್ನು ನೀವು ಕೊರತೆಯೆಂದು ಭಾವಿಸಿದಂತೆ ತೋರುತ್ತದೆ. ನನ್ನ ದೃಷ್ಟಿಯಲ್ಲಿ ಅದೇ ನಿಮ್ಮ ಅನುಕೂಲ. ಕಾಣದವರು ಆರೋಪ ಮಾಡುವಂತಿಲ್ಲ, ಕಿವಿಗೆ ಬಿದ್ದ ಮಾತನ್ನು ಮುಟ್ಟಿಸಬಹುದು, ಕೇಳಬಹುದು. ನಿಮ್ಮ ಪತ್ರದ ಧಾಟಿ ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ಈ ನಾಲ್ಕು ಪ್ರಶ್ನೆಗಳಿಂದ ಏನಾಗುತ್ತದೆಂಬುದಕ್ಕೆ, ಬಾಡಿಗೆ ವ್ಯಾಜ್ಯಗಳನ್ನು ಮಾತಿನಲ್ಲೇ ಮುಗಿಸುವ ಕೆಲಸದಲ್ಲಿ ನನ್ನೆದುರಿಗೆ ಬಂದ, ನಿಮ್ಮದನ್ನೇ ಹೋಲುವ ಒಂದು ಪ್ರಕರಣವನ್ನು ಹೇಳುತ್ತೇನೆ. ಊರು ಶಿವಮೊಗ್ಗವೇ, ಮಾಲೀಕರು ಸಾಗರದ ಕಡೆಯವರು. ಪಕ್ಕದ ಮನೆಯವರು ಮೊದಲು ಹೇಳಿದ್ದು, "ದಿನಾ ರಾತ್ರಿ ಕುಡಿದು ಕೂಗಾಡ್ತಾರೆ, ಮಲಗೋಕೆ ಬಿಡಲ್ಲ" ಎಂದು. ಮಾಲೀಕರು ಮತ್ತೆ ಫೋನ್ ಮಾಡಿ ಸಾವಕಾಶವಾಗಿ ಕೇಳಿದಾಗ, ದಿನಾ ಎಂಬುದು ಆ ತಿಂಗಳ ಎರಡು ಶನಿವಾರವಾಯಿತು. ಕೂಗಾಟ ಎಂದರೆ ನಗು, ಗಟ್ಟಿ ಮಾತು, ಸ್ಪೀಕರಿನಲ್ಲಿ ಹಾಡು. ಕುಡಿದದ್ದನ್ನು ಯಾರೂ ನೋಡಿರಲಿಲ್ಲ, ಅಷ್ಟು ನಗಬೇಕಾದರೆ ಕುಡಿದೇ ಇರಬೇಕು ಎಂಬುದು ಅವರ ಲೆಕ್ಕವಾಗಿತ್ತು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಯಾವುದು ಎಂದು ಕೇಳಿದ್ದಕ್ಕೆ ಬಂದ ಉತ್ತರ ಮಾಲೀಕರು ನಿರೀಕ್ಷಿಸದೇ ಇದ್ದದ್ದು: ಹನ್ನೆರಡರ ಹೊತ್ತಿಗೆ ಅತಿಥಿಗಳು ಹೊರಡುವಾಗ ಗೇಟಿನ ಬಳಿ ನಿಂತು ಆಡುವ ಮಾತು, ಒಂದರ ಹಿಂದೊಂದು ಸ್ಟಾರ್ಟ್ ಆಗುವ ನಾಲ್ಕೈದು ಬೈಕು, ಕೊನೆಗೆ ಕಬ್ಬಿಣದ ಗೇಟಿನ ಚಿಲಕ. ಕೂಟ ನಡೆಯುತ್ತಿರುವಾಗ ಹೇಗೋ ನಿದ್ದೆ ಹತ್ತಿದ್ದವರು ಕೂಟ ಮುಗಿಯುವಾಗ ಎಚ್ಚರಗೊಳ್ಳುತ್ತಿದ್ದರು.

ಎರಡು ಶನಿವಾರ, ರಾತ್ರಿ ಹತ್ತರ ನಂತರದ ಸ್ಪೀಕರು, ಹನ್ನೆರಡಕ್ಕೆ ಗೇಟಿನ ಬಳಿಯ ಸದ್ದು. ಇಷ್ಟನ್ನು ಮಾತ್ರ ಬಾಡಿಗೆದಾರರಿಗೆ ಹೇಳಬಹುದು, ಅವರು ಅದರ ಬಗ್ಗೆ ಏನಾದರೂ ಮಾಡಲೂಬಹುದು. "ದಿನಾ ಕುಡಿದು ಕೂಗಾಡುತ್ತೀರಂತೆ" ಎಂದು ಹೇಳಿದ್ದರೆ ಅವರು ಸಹಜವಾಗಿಯೇ ದಿನಾ ಇಲ್ಲ, ಕುಡಿದಿಲ್ಲ ಎಂದು ಎರಡನ್ನೂ ಅಲ್ಲಗಳೆಯುತ್ತಿದ್ದರು. ಆ ಎರಡು ಮಾತೂ ಸತ್ಯವೇ ಆಗಿರಬಹುದಾಗಿದ್ದುದರಿಂದ ಸದ್ದಿನ ಮಾತು ಅಲ್ಲಿಗೆ ಮುಗಿದು ಮರ್ಯಾದೆಯ ಮಾತು ಶುರುವಾಗುತ್ತಿತ್ತು.

ನೆರೆಯವರ ಜೊತೆ ಮಾತನಾಡುವಾಗ ಇನ್ನೊಂದನ್ನು ಗಮನಿಸಿ. ಸದ್ದಿನ ದೂರಿನ ಜೊತೆಗೆ ಬೇರೆ ದೂರುಗಳೂ ಅಂಟಿಕೊಂಡು ಬರುವುದುಂಟು. ಯಾರ್ಯಾರೋ ಹೆಣ್ಣುಮಕ್ಕಳು ಬಂದು ಹೋಗುತ್ತಾರೆ, ಮಾಂಸದ ಅಡಿಗೆಯ ವಾಸನೆ ಬರುತ್ತದೆ, ಎಲ್ಲಿಯವರೋ ಏನೋ ಎಂಬಂಥವು. ಇವು ಸದ್ದಿಗೆ ಸಂಬಂಧಿಸಿದವಲ್ಲ. ನಿಮ್ಮ ಪತ್ರದಲ್ಲಿ ಇವುಗಳ ನೆರಳೂ ಸುಳಿಯಬಾರದು. ಬಾಡಿಗೆಗೆ ಕೊಟ್ಟ ಮನೆಯೊಳಗೆ ಯಾರನ್ನು ಕರೆಯಬೇಕು, ಏನನ್ನು ಉಣ್ಣಬೇಕು ಎಂಬುದು ಅಲ್ಲಿರುವವರ ವಿಷಯ. "ನಿಮ್ಮ ಸ್ನೇಹಿತರು ಎಂಥವರು ಎಂದು ನೋಡಿಕೊಳ್ಳಿ" ಎಂಬ ಒಂದೇ ಒಂದು ವಾಕ್ಯ ಸೇರಿದರೂ ಉಳಿದ ಹತ್ತು ಸೌಮ್ಯ ವಾಕ್ಯಗಳು ಕೆಲಸಕ್ಕೆ ಬಾರದಂತಾಗುತ್ತವೆ, ಏಕೆಂದರೆ ಓದಿದವರ ಮನಸ್ಸಿನಲ್ಲಿ ಉಳಿಯುವುದು ಅದೊಂದೇ.

ಇನ್ನು ಸದ್ದಿನ ವಿಷಯ. ನಮ್ಮ ಕಡೆಯ ಮಳೆಯ ಕಾರಣಕ್ಕೆ ಶಿವಮೊಗ್ಗದಲ್ಲಿ ಬಹಳ ಮನೆಗಳ ತಾರಸಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹೊದಿಸಿರುತ್ತಾರೆ. ನಿಮ್ಮದರ ಮೇಲೂ ಇರಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ಬಯಲು ತಾರಸಿಯಲ್ಲಿ ಆಡಿದ ಮಾತಿನ ಒಂದು ಪಾಲು ಆಕಾಶಕ್ಕೆ ಹೋಗಿ ಕಳೆದುಹೋಗುತ್ತದೆ. ಮೇಲೆ ಶೀಟು, ಕೆಳಗೆ ಸಿಮೆಂಟು ನೆಲ, ನಾಲ್ಕೂ ಬದಿ ತೆರೆದಿದ್ದರೆ ಆ ಪಾಲು ಮೇಲೆ ಹೋಗಲಾರದೆ ಶೀಟಿಗೆ ಬಡಿದು ಬದಿಗಳಿಂದ ಹೊರಗೆ ಬರುತ್ತದೆ. ಆ ಬದಿಗಳ ಎದುರಿಗೇ ಪಕ್ಕದ ಮನೆಯ ಮಹಡಿಯ ಮಲಗುವ ಕೋಣೆಯ ಕಿಟಕಿ ಇರುತ್ತದೆ. ಶೀಟಿನ ಕೆಳಗೆ ಕುಳಿತವರಿಗೆ ಸುತ್ತಲಿನ ಪ್ರತಿಧ್ವನಿಯಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳದೆ ಎಲ್ಲರೂ ದನಿ ಏರಿಸುತ್ತಾ ಹೋಗುತ್ತಾರೆ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಬಡಿಯುತ್ತಿದ್ದರಂತೂ ಕೂಗಿಯೇ ಮಾತನಾಡಬೇಕು. ಎಂಟು ಜನ ತಾವು ಸಾಮಾನ್ಯವಾಗಿ ಮಾತನಾಡುತ್ತಿದ್ದೇವೆಂದೇ ನಂಬಿರುತ್ತಾರೆ, ಅತ್ತ ಪಕ್ಕದ ಮನೆಯವರು ಗಲಾಟೆ ಎಂದೇ ನಂಬಿರುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಆ ಶೀಟು ಹಾಕಿಸಿದವರು ಹುಡುಗರಲ್ಲ, ಮಾಲೀಕರು. ಸದ್ದಿನಲ್ಲಿ ಒಂದು ಪಾಲು ಮನೆಯ ಕಟ್ಟಡದ್ದು ಎಂದು ನೀವೇ ಮೊದಲು ಹೇಳಿಬಿಟ್ಟರೆ ಮಾತಿನಿಂದ ಆರೋಪದ ಮುಳ್ಳು ತಾನಾಗಿಯೇ ಉದುರುತ್ತದೆ, ಮತ್ತು ಅದು ಸುಮ್ಮನೆ ಸಮಾಧಾನಕ್ಕೆ ಹೇಳಿದ ಮಾತೂ ಆಗಿರುವುದಿಲ್ಲ. ಜೊತೆಗೆ, ಪರಿಹಾರವೂ ಇದರಿಂದಲೇ ಹೊರಡುತ್ತದೆ: ಕೂಟ ಬೇಡ ಎನ್ನಬೇಕಾಗಿಲ್ಲ, ಹತ್ತು ಗಂಟೆಯ ಮೇಲೆ ತಾರಸಿಯಿಂದ ಒಳಗೆ ಹಾಲಿಗೆ ಬಂದು ಕಿಟಕಿ ಮುಚ್ಚಿಕೊಳ್ಳಿ ಎಂದರೆ ಸಾಕು. ನಾನು ಹೇಳಿದ ಪ್ರಕರಣದಲ್ಲಿ ಮಾಲೀಕರು ತಮ್ಮ ಪಾಲಿನ ಕೆಲಸವೆಂದು ಗೇಟಿನ ಕೀಲಿಗೆ ಎಣ್ಣೆ ಹಾಕಿಸಿ, ಚಿಲಕ ಬಡಿಯುವ ಜಾಗಕ್ಕೆ ರಬ್ಬರಿನ ತುಂಡು ಕೂರಿಸಿದರು. ಖರ್ಚು ಹೇಳಿಕೊಳ್ಳುವಷ್ಟೇನೂ ಆಗಲಿಲ್ಲ, ಆದರೆ ಹನ್ನೆರಡರ ಸದ್ದುಗಳಲ್ಲಿ ಒಂದು ಅಲ್ಲಿಗೆ ನಿಂತಿತು, ಮಾಲೀಕರು ತಾವೂ ಏನೋ ಮಾಡಿದ್ದಾರೆ ಎಂಬುದು ಹುಡುಗರ ಕಣ್ಣಿಗೂ ಬಿತ್ತು.

ಯಾವಾಗ ಹೇಳಬೇಕು ಎಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಕೂಟ ನಡೆಯುತ್ತಿರುವಾಗ ಫೋನ್ ಮಾಡಬಾರದು. ಸ್ನೇಹಿತರ ಎದುರು ಮಾಲೀಕರಿಂದ ಹೇಳಿಸಿಕೊಂಡವನಿಗೆ ವಿಷಯ ಕೇಳುವುದಿಲ್ಲ, ಅವಮಾನ ಮಾತ್ರ ಕೇಳುತ್ತದೆ. ಮರುದಿನ ಭಾನುವಾರ ಬೆಳಿಗ್ಗೆಯೂ ಬೇಡ. ಬಾಡಿಗೆ ಕೊಡುವ ದಿನದ ಆಸುಪಾಸಿನಲ್ಲಿ ಬೇಡ, ಏಕೆಂದರೆ ಬಾಡಿಗೆ ಏರಿಸಲು ಇದೊಂದು ನೆಪ ಎಂಬ ಅನುಮಾನ ಬರಬಹುದು. ಮಂಗಳವಾರ ಅಥವಾ ಬುಧವಾರ ಸಂಜೆ ಅವರು ಕೆಲಸದಿಂದ ಬಂದು ಸ್ವಲ್ಪ ವಿಶ್ರಮಿಸಿದ ಮೇಲೆ, ಕರಾರುಪತ್ರಕ್ಕೆ ಸಹಿ ಮಾಡಿದವನಿಗೆ ಫೋನ್ ಮಾಡಿ ಐದು ನಿಮಿಷ ಮಾತನಾಡಿ. ಆಮೇಲೆ ಅದೇ ಮಾತನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಮೊದಲು ಬರಹ, ಆಮೇಲೆ ಫೋನ್ ಎಂಬ ಕ್ರಮ ನನಗೆ ಒಪ್ಪಿಗೆಯಿಲ್ಲ. ದೂರಿನ ವಿಷಯವುಳ್ಳ ಸಂದೇಶ ದಿಢೀರನೆ ಬಂದರೆ, ಅದರಲ್ಲಿಲ್ಲದ ಸಿಟ್ಟನ್ನೂ ಓದುವವರು ತಾವೇ ತುಂಬಿಕೊಳ್ಳುತ್ತಾರೆ. ಮೂವರೂ ಇರುವ ಗುಂಪಿಗೂ ಮೊದಲೇ ಹಾಕಬೇಡಿ. ಒಬ್ಬನಿಗೆ ಹೇಳಿ, ಉಳಿದವರಿಗೆ ಅವನೇ ತನ್ನ ಮಾತಿನಲ್ಲಿ ಹೇಳಲಿ.

ಫೋನಿನಲ್ಲಿ ನಮ್ಮ ಮಲೆನಾಡಿನ ಸಲಿಗೆಯಲ್ಲಿ "ಒಂದು ವಿಷಯ ಹೇಳ್ಬೇಕಿತ್ತು ಮಾರಾಯ, ಪುರುಸೊತ್ತು ಇದೆಯಾ" ಎಂದು ಶುರು ಮಾಡಿದರೆ ತಪ್ಪೇನಿಲ್ಲ. ಆ ಒಂದು ಮಾತಿನಲ್ಲಿ ಜಗಳವಲ್ಲ ಎಂಬುದು ಗೊತ್ತಾಗಿಬಿಡುತ್ತದೆ. ಆದರೆ ಬರಹದಲ್ಲಿ ನೀವು, ತಾವು ಎಂಬ ಮರ್ಯಾದೆಯನ್ನೇ ಇಟ್ಟುಕೊಳ್ಳಿ. ಹುಡುಗನ ವಯಸ್ಸು ನಿಮ್ಮ ಮಗನಷ್ಟೇ ಇದ್ದರೂ ಕಾಗದದ ಮೇಲೆ ಏಕವಚನ ಬಿದ್ದಾಗ ಅದು ಸಲಿಗೆಯಾಗಿ ಓದಿಸಿಕೊಳ್ಳುವುದಿಲ್ಲ. ಆ ಬರಹ ಹೀಗಿರಬಹುದು, ದಿನಾಂಕಗಳನ್ನು ನಿಮ್ಮ ಟಿಪ್ಪಣಿಯಿಂದ ತುಂಬಿಕೊಳ್ಳಿ, ಹೆಸರು ಉದಾಹರಣೆಗೆ ಮಾತ್ರ:

"ಪ್ರಶಾಂತ್ ಅವರಿಗೆ ನಮಸ್ಕಾರ. ಈಗ ಫೋನಿನಲ್ಲಿ ಮಾತನಾಡಿದ್ದನ್ನು ಇಬ್ಬರಿಗೂ ನೆನಪಿರಲಿ ಎಂದು ಬರೆಯುತ್ತಿದ್ದೇನೆ. ಕಳೆದ ಎರಡು ಶನಿವಾರ ರಾತ್ರಿ ಹತ್ತು ಗಂಟೆಯ ನಂತರವೂ ನಮ್ಮ ಮನೆಯ ತಾರಸಿಯ ಕಡೆಯಿಂದ ಹಾಡು ಮತ್ತು ಮಾತಿನ ಸದ್ದು ಕೇಳಿಸಿತೆಂದೂ, ಹನ್ನೆರಡರ ಹೊತ್ತಿಗೆ ಗೇಟಿನ ಬಳಿ ಬೈಕುಗಳ ಸದ್ದಿನಿಂದ ಎಚ್ಚರವಾಯಿತೆಂದೂ ಅಕ್ಕಪಕ್ಕದ ಎರಡು ಮನೆಯವರು ನನಗೆ ತಿಳಿಸಿದರು. ನಾನು ಅಲ್ಲಿ ಇರಲಿಲ್ಲ. ಆದ್ದರಿಂದ ನಡೆದದ್ದು ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಆ ದಿನಗಳಲ್ಲಿ ಏನಿತ್ತು ಎಂಬುದನ್ನು ನಿಮ್ಮಿಂದಲೂ ಕೇಳಿ ತಿಳಿಯಬೇಕೆಂದಿದೆ. ತಾರಸಿಗೆ ಶೀಟು ಹೊದಿಸಿರುವುದರಿಂದ ಅಲ್ಲಿ ಆಡಿದ ಸಾಧಾರಣ ಮಾತೂ ಪಕ್ಕದ ಕಿಟಕಿಗಳಿಗೆ ದೊಡ್ಡದಾಗಿ ಕೇಳಿಸುತ್ತದೆ. ಅದು ನಿಮ್ಮ ತಪ್ಪಲ್ಲ. ಸ್ನೇಹಿತರು ಬರುವುದರ ಬಗ್ಗೆ ನನ್ನ ಆಕ್ಷೇಪವಿಲ್ಲ. ರಾತ್ರಿ ಹತ್ತರ ಮೇಲೆ ತಾರಸಿಯ ಬದಲು ಒಳಗೆ ಹಾಲಿನಲ್ಲಿ ಕುಳಿತು, ಸ್ಪೀಕರನ್ನು ನಿಲ್ಲಿಸಿ, ಹೊರಡುವವರು ಗೇಟಿನ ಬಳಿ ನಿಲ್ಲದೆ ಹೊರಟರೆ ಸಾಕೆಂದು ನನಗೆ ಅನ್ನಿಸುತ್ತದೆ. ಗೇಟಿನ ಚಿಲಕದ ಸದ್ದನ್ನು ನಾನು ಈ ವಾರ ಸರಿಪಡಿಸುತ್ತೇನೆ. ಇದರಲ್ಲಿ ನಿಮಗೆ ಕಷ್ಟವಾಗುವುದೇನಾದರೂ ಇದ್ದರೆ ತಿಳಿಸಿ, ಮಾತನಾಡೋಣ."

ಇದರಲ್ಲಿ ಕೆಲವು ಪದಗಳನ್ನು ಬೇಕೆಂದೇ ಆರಿಸಿದ್ದೇನೆ. "ನೀವು ಹಾಡು ಹಾಕಿದ್ದೀರಿ" ಎಂದಿಲ್ಲ, "ತಾರಸಿಯ ಕಡೆಯಿಂದ ಸದ್ದು ಕೇಳಿಸಿತೆಂದು ತಿಳಿಸಿದರು" ಎಂದಿದೆ. ಮಾಡಿದವರನ್ನಲ್ಲ, ಕೇಳಿಸಿಕೊಂಡವರನ್ನು ವಾಕ್ಯದ ಕರ್ತೃವಾಗಿ ಇಟ್ಟರೆ ಹೇಳಬೇಕಾದ ವಿಷಯ ಪೂರ್ತಿ ಹೋಗುತ್ತದೆ, ಬೆರಳು ತೋರಿಸಿದಂತಾಗುವುದಿಲ್ಲ. ಎರಡು ಮನೆಯವರು ಎಂಬಲ್ಲಿ "ಇಡೀ ಬೀದಿಯವರು" ಎಂದು ಹಿಗ್ಗಿಸಬೇಡಿ. ಹುಡುಗರು ದಿನವೂ ಆ ಬೀದಿಯಲ್ಲೇ ಓಡಾಡುವವರು, ಮೂಲೆ ಅಂಗಡಿಯವರು ನಗುತ್ತಾ ಮಾತನಾಡಿಸಿದ ಕೂಡಲೇ ಆ ಉತ್ಪ್ರೇಕ್ಷೆ ಬಯಲಾಗುತ್ತದೆ, ಅದರ ಜೊತೆ ನಿಮ್ಮ ಉಳಿದ ಮಾತಿನ ಬೆಲೆಯೂ ಹೋಗುತ್ತದೆ. "ದಯವಿಟ್ಟು ಸ್ವಲ್ಪ ನೋಡಿಕೊಳ್ಳಿ" ಎಂಬ ತೇಲಿಸಿದ ಮಾತನ್ನೂ ನಾನು ಬಿಟ್ಟಿದ್ದೇನೆ. ಅದು ಸೌಮ್ಯವಾಗಿ ಕಾಣುತ್ತದೆ ನಿಜ, ಆದರೆ ಏನನ್ನು ನೋಡಿಕೊಳ್ಳಬೇಕೆಂಬುದು ಅದರಲ್ಲಿಲ್ಲ. ಹುಡುಗರು ಹಾಡಿನ ಸದ್ದು ಅರ್ಧಕ್ಕಿಳಿಸಿ ತಾವು ನೋಡಿಕೊಂಡೆವೆಂದು ತಿಳಿಯುತ್ತಾರೆ, ನೆರೆಯವರು ಮತ್ತೆ ಹನ್ನೆರಡಕ್ಕೆ ಎದ್ದು ಕೂರುತ್ತಾರೆ. ಗಂಟೆ, ಜಾಗ, ಸಾಧನ ಈ ಮೂರನ್ನು ಹೆಸರಿಸಿದ ಕೋರಿಕೆ ಸ್ವಲ್ಪ ಒರಟಾಗಿ ಕಂಡರೂ ಕೇಳಿಸಿಕೊಳ್ಳುವವರಿಗೆ ಹೆಚ್ಚು ನಿರಾಳ.

ಕಾನೂನಿನ ಮಾತನ್ನು ಈ ಮೊದಲ ಸಂದೇಶದಲ್ಲಿ ತರಬೇಡಿ, ಆದರೆ ನಿಮಗೆ ಗೊತ್ತಿರಲಿ. ಹತ್ತು ಗಂಟೆ ಎಂಬುದು ನನ್ನ ಇಷ್ಟದ ಗಡಿಯಲ್ಲ. ಕೇಂದ್ರ ಸರ್ಕಾರದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನದು ರಾತ್ರಿಯ ಅವಧಿ, ವಾಸದ ಪ್ರದೇಶಕ್ಕೆ ಆಗಿನ ಮಿತಿ 45 ಡೆಸಿಬೆಲ್; ಹಗಲಿನಲ್ಲಿ 55. ಒಂದು ಮೀಟರ್ ದೂರದಲ್ಲಿ ಕೇಳಿಸುವ ಸಾಧಾರಣ ಸಂಭಾಷಣೆಯೇ ಸುಮಾರು 60 ಡೆಸಿಬೆಲ್ ಇರುತ್ತದೆಂದರೆ ಆ ಮಿತಿ ಎಷ್ಟು ಕೆಳಗಿದೆಯೆಂಬುದು ತಿಳಿಯುತ್ತದೆ. ಆದರೆ ಆ ಮಿತಿ ಅವಧಿಯ ಸರಾಸರಿಯನ್ನು ಕುರಿತದ್ದು, ಕ್ಷಣದ ನಗುವನ್ನು ಕುರಿತದ್ದಲ್ಲ. ನೆರೆಯವರು ಮೊಬೈಲಿನ ಆ್ಯಪಿನಲ್ಲಿ ಅಳೆದು ಕಳಿಸುವ ಅಂಕಿಯನ್ನು ಹುಡುಗರ ಮುಂದೆ ಸಾಕ್ಷಿಯಾಗಿ ಇಡಬೇಡಿ. ಅಂಕಿ ಬಂದ ಕೂಡಲೇ ಮಾತು ಅಂಕಿಯ ಸರಿತಪ್ಪಿಗೆ ತಿರುಗುತ್ತದೆ.

ಫೋನಿನಲ್ಲಾಗಲಿ ಉತ್ತರದಲ್ಲಾಗಲಿ ಬರುವ ಮೊದಲ ಪ್ರಶ್ನೆ, "ಯಾರು ಹೇಳಿದ್ದು ಅಂಕಲ್?" ಎಂಬುದು. ಇದಕ್ಕೆ ಸಿದ್ಧರಾಗಿರಿ. ಹೇಳಿದವರು ಒಪ್ಪದೆ ಹೆಸರು ಕೊಡಬೇಡಿ. "ಹೆಸರು ಹೇಳೋದಿಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ, ನಿಮ್ಮ ಮಾತನ್ನೂ ಹಾಗೇ ನನ್ನ ಹತ್ತಿರವೇ ಇಟ್ಕೊಳ್ತೇನೆ" ಎಂದರೆ ಅವರಿಗೂ ಒಂದು ಭರವಸೆ ಸಿಗುತ್ತದೆ. ಚಿಕ್ಕ ಬೀದಿಯಲ್ಲಿ ಅವರು ಊಹಿಸಿಯೇ ಊಹಿಸುತ್ತಾರೆ ಎಂಬುದು ನಿಜ. ಅದಕ್ಕಾಗಿಯೇ ನೆರೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕಾದ ಇನ್ನೊಂದು ವಿಷಯವಿದೆ: ಕಾರಣವನ್ನು ಹೇಳಬಹುದೇ ಎಂಬುದು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಪರೀಕ್ಷೆಗೆ ಓದುವ ಮಗುವಿದೆ, ಶಸ್ತ್ರಚಿಕಿತ್ಸೆ ಆದ ಅಜ್ಜಿ ಇದ್ದಾರೆ ಎಂಬ ಕಾರಣ ತಿಳಿದರೆ ಹುಡುಗರು ಯಾವ ಕೋರಿಕೆಗಿಂತಲೂ ಬೇಗ ಮೆತ್ತಗಾಗುತ್ತಾರೆ. ಆದರೆ ಆ ಕಾರಣವೇ ಮನೆಯ ಗುರುತನ್ನೂ ಬಿಟ್ಟುಕೊಡುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ತೀರ್ಮಾನಿಸಬೇಕಾದವರು ಆ ಮನೆಯವರೇ ಹೊರತು ನೀವಲ್ಲ. ನಾನು ಹೇಳಿದ ಪ್ರಕರಣದಲ್ಲಿ ಪಕ್ಕದ ಮನೆಯ ತಾಯಿ, ಮಗಳ ಪರೀಕ್ಷೆಯ ಮಾತನ್ನು ಹೇಳಿ ಎಂದು ಒಪ್ಪಿಗೆ ಕೊಟ್ಟರು. ಹುಡುಗರಲ್ಲಿ ಒಬ್ಬ ಮಾರ್ಚ್ ಮುಗಿಯುವವರೆಗೆ ತಾರಸಿಗೆ ಹೋಗುವುದೇ ಇಲ್ಲ ಎಂದುಬಿಟ್ಟ. ಅಷ್ಟನ್ನು ಯಾರೂ ಕೇಳಿರಲಿಲ್ಲ.

ಎರಡನೆಯ ಉತ್ತರ ಹೀಗಿರಬಹುದು: "ಗಣಪತಿ ಹಬ್ಬದಲ್ಲಿ ಅವರು ರಾತ್ರಿಯೆಲ್ಲ ಮೈಕ್ ಹಾಕಿದಾಗ ನಾವೇನಾದ್ರೂ ಅಂದ್ವಾ?" ಈ ಮಾತಿನಲ್ಲಿ ಹುರುಳಿದೆ, ಇಲ್ಲವೆಂದು ವಾದಿಸಲು ಹೋಗಬೇಡಿ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ರಾತ್ರಿ 10ರಿಂದ 12ರವರೆಗೆ ಧ್ವನಿವರ್ಧಕಕ್ಕೆ ಸಡಿಲಿಕೆ ಕೊಡಲು ಅದೇ ನಿಯಮಗಳಲ್ಲಿ ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ಅದೂ ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ. ಹನ್ನೆರಡರ ಮೇಲೆ ಮೈಕ್ ಹಾಕಿದ್ದರೆ ಅದು ಅವರ ತಪ್ಪೇ. "ನೀವು ಹೇಳೋದು ಸರಿ, ಅದು ನಿಮಗೆ ತೊಂದರೆ ಆಗಿದ್ರೆ ಅದನ್ನೂ ಅವರಿಗೆ ಮುಟ್ಟಿಸ್ತೇನೆ" ಎಂದು ಹೇಳಿ, ನಿಜವಾಗಿಯೂ ಮುಟ್ಟಿಸಿ. ದೂರು ಒಂದೇ ದಿಕ್ಕಿನಲ್ಲಿ ಹರಿಯುತ್ತದೆಂದು ಅನ್ನಿಸಿದಾಗ ಬಾಡಿಗೆದಾರರಿಗೆ ತಾವು ಆ ಬೀದಿಯಲ್ಲಿ ಎರಡನೆಯ ದರ್ಜೆಯವರು ಎಂಬ ಭಾವ ಬರುತ್ತದೆ.

ಮೂರನೆಯದು, "ಆ ದಿನ ನಾವು ಮನೆಯಲ್ಲೇ ಇರಲಿಲ್ಲ" ಎಂಬ ಉತ್ತರ. ಇದನ್ನು ಸುಳ್ಳೆಂದು ಮೊದಲೇ ತೀರ್ಮಾನಿಸಬೇಡಿ. ಒತ್ತೊತ್ತಾಗಿ ಕಟ್ಟಿದ ಮನೆಗಳ ನಡುವೆ ರಾತ್ರಿ ಸದ್ದಿನ ದಿಕ್ಕು ಹಿಡಿಯುವುದು ಕಷ್ಟ; ಎದುರಿನ ಗೋಡೆಗೆ ಬಡಿದು ಬಂದ ಸದ್ದು ಆ ಗೋಡೆಯ ಮನೆಯದೇ ಎಂಬಂತೆ ಕೇಳುತ್ತದೆ. ಹಿಂದಿನ ರಸ್ತೆಯ ಮನೆಯ ಹುಟ್ಟುಹಬ್ಬದ ಸದ್ದು ಮುಂದಿನ ರಸ್ತೆಯ ಬಾಡಿಗೆದಾರರ ತಲೆಗೆ ಕಟ್ಟಲ್ಪಟ್ಟದ್ದನ್ನು ನಾನು ಕಂಡಿದ್ದೇನೆ. ಒಂಟಿ ಹುಡುಗರಿರುವ ಮನೆ ಎಂದರೆ ಅನುಮಾನ ಅಲ್ಲಿಗೇ ಮೊದಲು ಹೋಗುತ್ತದೆ. ಅವರು ಹಾಗೆ ಹೇಳಿದರೆ "ತಿಳಿಸಿದ್ದಕ್ಕೆ ಸಂತೋಷ, ಅವರನ್ನು ಮತ್ತೆ ಕೇಳುತ್ತೇನೆ" ಎಂದು ಬರೆದು, ನೆರೆಯವರಿಗೆ ಮುಂದಿನ ಬಾರಿ ಸದ್ದು ಕೇಳಿಸುತ್ತಿರುವಾಗಲೇ ಕಿಟಕಿಯಿಂದ ನೋಡಿ ದೀಪ ಎಲ್ಲಿ ಉರಿಯುತ್ತಿದೆ ಎಂಬುದನ್ನು ಗಮನಿಸಲು ಹೇಳಿ. ವೀಡಿಯೊ ತೆಗೆಯಲು ಮಾತ್ರ ಹೇಳಬೇಡಿ. ಪಕ್ಕದ ಮನೆಯಿಂದ ತಮ್ಮ ತಾರಸಿಯ ಕಡೆಗೆ ಮೊಬೈಲು ಹಿಡಿದಿದ್ದಾರೆಂಬುದು ಗೊತ್ತಾದ ದಿನದಿಂದ ಆ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ.

ನೆರೆಯವರಿಗೆ ನೀವು ಏನು ಹೇಳಬೇಕು ಎಂಬುದು ಅಷ್ಟೇ ಮುಖ್ಯ, ಅದನ್ನು ಬಹಳ ಮಾಲೀಕರು ಮರೆಯುತ್ತಾರೆ. "ಖಾಲಿ ಮಾಡಿಸಿಬಿಡಿ" ಎಂದು ಅವರು ಒತ್ತಾಯಿಸಿದರೆ ಹೂಂ ಎನ್ನಬೇಡಿ, ಏಕೆಂದರೆ ಹಾಗೆ ಮಾಡಿಸುವುದು ನಿಮ್ಮ ಕೈಯಲ್ಲೂ ಇಲ್ಲ. ಬಾಡಿಗೆ ಕೊಟ್ಟು ಕರಾರಿಗೆ ಬದ್ಧನಾಗಿರುವವನು ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸುವಂತೆ ಬಿಡುವುದು ಮಾಲೀಕನ ಹೊಣೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ನಿಮ್ಮ ಬಳಿ ಇನ್ನೊಂದು ಕೀಲಿ ಇದೆಯೆಂದು ಹೇಳದೆ ಕೇಳದೆ ಹೋಗಿ ನೋಡುವುದು, ನೀರು ನಿಲ್ಲಿಸುವುದು, ಅಡ್ವಾನ್ಸ್ ಹಣ ಹಿಡಿದುಕೊಳ್ಳುತ್ತೇನೆಂದು ಹೆದರಿಸುವುದು, ಇವೆಲ್ಲ ತಿರುಗಿ ನಿಮ್ಮ ಮೇಲೆಯೇ ದೂರಾಗಿ ನಿಲ್ಲುವಂಥವು. ನೆರೆಯವರಿಗೆ ಇಷ್ಟು ಹೇಳಿ: ವಿಷಯವನ್ನು ಹುಡುಗರಿಗೆ ತಿಳಿಸಿದ್ದೇನೆ, ಹತ್ತರ ಮೇಲೆ ಒಳಗೆ ಕೂರುವಂತೆ ಕೇಳಿದ್ದೇನೆ, ಮುಂದಿನ ನಾಲ್ಕು ಶನಿವಾರ ಹೇಗಿತ್ತು ಎಂದು ನಾನೇ ಫೋನ್ ಮಾಡಿ ಕೇಳುತ್ತೇನೆ. ಆ ಫೋನನ್ನು ತಪ್ಪದೆ ಮಾಡಿ. ಸದ್ದು ಕಡಿಮೆಯಾಗಿದ್ದರೆ ಅದನ್ನು ಹುಡುಗರಿಗೂ ತಿಳಿಸಿ. ದೂರನ್ನು ಮುಟ್ಟಿಸಿದವರು ಅದು ನಿಂತ ಸುದ್ದಿಯನ್ನೂ ಮುಟ್ಟಿಸಬೇಕು.

ಸದ್ದು ನಿಲ್ಲದಿದ್ದರೆ? ಎರಡನೆಯ ಸಂದೇಶ ಮೊದಲಿನದಕ್ಕಿಂತ ಚಿಕ್ಕದಾಗಿರಲಿ: ಹಿಂದಿನ ಮಾತಿನ ದಿನಾಂಕ, ಆಮೇಲೆ ಬಂದ ದೂರಿನ ದಿನಾಂಕ ಮತ್ತು ಗಂಟೆ, ಈ ಭಾನುವಾರ ನಾನೇ ಬರುತ್ತೇನೆ, ಯಾವ ಹೊತ್ತು ಅನುಕೂಲ ಎಂಬ ಪ್ರಶ್ನೆ. ಹೋದಾಗ ತಾರಸಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾ ಮಾತನಾಡಿ. ಪಕ್ಕದ ಕಿಟಕಿ ಎಷ್ಟು ಹತ್ತಿರವಿದೆಯೆಂಬುದು ಅಲ್ಲಿ ಕುಳಿತಾಗ ಹೇಳದೆಯೇ ಕಾಣುತ್ತದೆ. ಅವರು ಒಪ್ಪಿದರೆ, ನೆರೆಯವರೂ ಒಪ್ಪಿದರೆ, ಇಬ್ಬರ ಫೋನ್ ಸಂಖ್ಯೆಯನ್ನು ಪರಸ್ಪರ ಕೊಡಿಸಿ; "ಸ್ವಲ್ಪ ಸದ್ದು ಜಾಸ್ತಿ ಆಯ್ತು" ಎಂದು ನೇರವಾಗಿ ಒಂದು ಸಾಲು ಬಂದರೆ, ತೀರ್ಥಹಳ್ಳಿಗೆ ಹೋಗಿ ತಿರುಗಿ ಬರುವ ದೂರಿಗಿಂತ ಅದು ಎಷ್ಟೋ ಹಗುರ. 112ಕ್ಕೆ ಕರೆ ಮಾಡುವುದು ನೆರೆಯವರ ಹಕ್ಕು, ಅದನ್ನು ನೀವು ತಡೆಯಬಾರದು. ಆದರೆ "ಅವರು ಪೊಲೀಸರಿಗೆ ಹೇಳ್ತಾರಂತೆ" ಎಂಬುದನ್ನು ನಿಮ್ಮ ಬಾಯಿಂದ ಬೆದರಿಕೆಯಾಗಿ ಬಳಸಬೇಡಿ. ಇದೆಲ್ಲವೂ ಮುಗಿದ ಮೇಲೂ ಸದ್ದು ಹಾಗೆಯೇ ಮುಂದುವರಿದರೆ ಉಳಿದಿರುವುದು ಕರಾರಿನಲ್ಲಿ ಬರೆದಿರುವ ನೋಟಿಸಿನ ದಾರಿ, ಅದನ್ನು ಕರಾರುಪತ್ರವನ್ನು ಓದಿದ ವಕೀಲರಿಂದಲೇ ಬರೆಸಿ. ಆಗ ನಿಮ್ಮ ಎರಡೂ ಸಂದೇಶಗಳು, ಅವುಗಳ ಸೌಮ್ಯ ಧಾಟಿಯ ಸಮೇತ, ನಿಮ್ಮ ಪರವಾಗಿಯೇ ಮಾತನಾಡುತ್ತವೆ.

ಹನ್ನೊಂದು ತಿಂಗಳ ಕರಾರು ನವೀಕರಿಸುವಾಗ ಒಂದು ಸಾಲು ಸೇರಿಸಿಕೊಳ್ಳಬಹುದು. "ಬಾಡಿಗೆದಾರರು ಗಲಾಟೆ ಮಾಡತಕ್ಕದ್ದಲ್ಲ" ಎಂಬ ಹಳೆಯ ಮಾದರಿಯ ಸಾಲು ಬೇಡ, ಗಲಾಟೆ ಯಾವುದು ಎಂಬ ಜಗಳಕ್ಕೆ ಅದೇ ದಾರಿ. "ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತಾರಸಿಯಲ್ಲಿ ಕೂಟವನ್ನಾಗಲಿ ಸ್ಪೀಕರ್ ಬಳಕೆಯನ್ನಾಗಲಿ ಇಟ್ಟುಕೊಳ್ಳುವುದಿಲ್ಲ, ವಿಶೇಷ ಸಂದರ್ಭವಿದ್ದರೆ ಅಕ್ಕಪಕ್ಕದವರಿಗೆ ಎರಡು ದಿನ ಮೊದಲು ತಿಳಿಸುವುದು" ಎಂದು ಬರೆಯಿರಿ. ಎರಡನೆಯ ಭಾಗವನ್ನು ಬಿಡಬೇಡಿ. ನಾಡಿದ್ದು ಶನಿವಾರ ಹುಟ್ಟುಹಬ್ಬ ಇದೆ, ಹನ್ನೊಂದರವರೆಗೆ ಸ್ವಲ್ಪ ಸದ್ದಾಗಬಹುದು ಎಂದು ಮೊದಲೇ ಬಂದು ಹೇಳಿದವರ ಮೇಲೆ ನಮ್ಮ ಬೀದಿಗಳಲ್ಲಿ ದೂರು ಬರುವುದು ಬಹಳ ಕಡಿಮೆ, ಕೇಕಿನ ಒಂದು ತುಂಡು ಗೋಡೆಯಾಚೆಗೂ ಹೋದರಂತೂ ಇನ್ನೂ ಕಡಿಮೆ.